ಮೋದಕದ ತಳ ಒದ್ದೆ, ಮೇಲಿನ ತಟ್ಟೆ ಹಸಿ: ಹಬೆ ಪಾತ್ರೆಯಲ್ಲಿ ತಪ್ಪು ಹುಡುಕೋದು ಹೇಗೆ

ಗಣೇಶನ ಹಬ್ಬದ ಬೆಳಿಗ್ಗೆ 21 ಮೋದಕ ಹಬೆಗೆ ಇಟ್ಟಿದ್ದೆ. ಕೆಳಗಿನ ತಟ್ಟೆಯಲ್ಲಿ 11, ಮೇಲಿನ ತಟ್ಟೆಯಲ್ಲಿ 10. ಹತ್ತು ನಿಮಿಷ ಆದಮೇಲೆ ಮುಚ್ಚಳ ತೆಗೆದರೆ ಕೆಳಗಿನವು ಸ್ನಾನ ಮಾಡಿ ಬಂದ ಹಾಗೆ ತಳದಲ್ಲಿ ಕೆಸರು ಕೆಸರು, ಮೇಲಿನವು ಇಟ್ಟಾಗ ಹೇಗಿದ್ದವೋ ಹಾಗೇ ಹಿಟ್ಟಿನ ಬಿಳಿ. ಒಂದೇ ಹಿಟ್ಟು, ಒಂದೇ ಹೂರಣ, ಒಂದೇ ಪಾತ್ರೆ. ಉರಿ ಸಾಲದು ಅಂದುಕೊಂಡು ಗ್ಯಾಸ್ ಪೂರ್ತಿ ತಿರುಗಿಸಿ ಇನ್ನೂ ಎಂಟು ನಿಮಿಷ ಬಿಟ್ಟೆ. ಕೆಳಗಿನವು ಕರಗಿ ತಟ್ಟೆಗೆ ಅಂಟಿಕೊಂಡವು, ಮೇಲಿನವು ಅರ್ಧಂಬರ್ಧ ಬೆಂದವು. ನೈವೇದ್ಯಕ್ಕೆ ಐದು ಮೋದಕ ಆರಿಸಿ ಇಟ್ಟು, ಉಳಿದದ್ದನ್ನು ಚಮಚದಲ್ಲಿ ತಿಂದೆವು. ರುಚಿ ಚೆನ್ನಾಗೇ ಇತ್ತು, ಅದು ಬೇರೆ ಮಾತು.

ಕೆಳಗಿನ ಮನೆಯ ಮಾಮಿ ಅಷ್ಟೊತ್ತಿಗೆ ಕೊಳುಕಟ್ಟೈ ಡಬ್ಬ ಹಿಡಿದು ಬಂದರು. ನಮ್ಮ ಪಾತ್ರೆ ನೋಡಿದವರೇ, "ಏನಪ್ಪಾ, ಹಬೆಯಲ್ಲಿ ಬೇಯಿಸಿದ್ಯಾ, ನೀರಲ್ಲೇ ಬೇಯಿಸಿದ್ಯಾ?" ಅಂದರು. ನಗು ಬಂತು, ಆದರೆ ಆಮೇಲೆ ಯೋಚಿಸಿದರೆ ತಪ್ಪು ಕಂಡುಹಿಡಿಯೋಕೆ ಕೇಳಬೇಕಾದ ಮೊದಲ ಪ್ರಶ್ನೆ ಅದೇ. ಹಿಟ್ಟು ಮಿಕ್ಕಿತ್ತು. ಸಂಜೆ ಕೂತು ಆರಾರು ಮೋದಕ ಮಾಡಿ, ಒಂದು ಸಲಕ್ಕೆ ಒಂದೇ ಒಂದು ವಿಷಯ ಬದಲಾಯಿಸಿ ನೋಡಿದೆ. ಆಗ ಗೊತ್ತಾದದ್ದು ಇಷ್ಟು: ಹಬೆಯಲ್ಲಿ ಬೇಯುವ ಯಾವುದೇ ತಿಂಡಿ ಕೆಟ್ಟರೆ, ಅದು ಎಲ್ಲಿ ಕೆಟ್ಟಿದೆ ಅನ್ನೋದನ್ನೇ ಮೊದಲು ನೋಡಬೇಕು. ತಳ ಒದ್ದೆಯೋ, ನೆತ್ತಿ ಒದ್ದೆಯೋ, ಪಕ್ಕ ಬಿರುಕೋ, ಒಳಗೆ ಹಸಿಯೋ. ಮೋದಕವನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರೆ ಅರ್ಧ ಉತ್ತರ ಅಲ್ಲೇ ಇರುತ್ತದೆ.

ತಳ ಒದ್ದೆ ಆದರೆ ನೀರು ನೋಡಿ

ನನ್ನದು ಎರಡು ಅಂತಸ್ತಿನ ಅಲ್ಯೂಮಿನಿಯಂ ಸ್ಟೀಮರ್. ಕೆಳಗೆ ನೀರಿನ ಪಾತ್ರೆ, ಅದರ ಮೇಲೆ ಜರಡಿ ಥರ ತೂತಿರುವ ಎರಡು ತಟ್ಟೆ. ನೀರಿನ ಪಾತ್ರೆಯ ತಳದಿಂದ ಮೊದಲ ತಟ್ಟೆಗೆ ನಾಲ್ಕು ಬೆರಳಿನಷ್ಟು ಎತ್ತರ ಇದೆ. ಅವತ್ತು ಬೆಳಿಗ್ಗೆ ಮಧ್ಯದಲ್ಲಿ ನೀರು ಆರಿಹೋಗಬಾರದು ಅಂತ ಐದು ಲೋಟ ಸುರಿದಿದ್ದೆ. ಮೂರು ಬೆರಳಿಗಿಂತ ಜಾಸ್ತಿ ಬಂದಿತ್ತು. ತಣ್ಣಗಿರುವಾಗ ನೋಡಿದರೆ ತಟ್ಟೆಗೆ ನೀರು ಮುಟ್ಟುತ್ತಿರಲಿಲ್ಲ, ಸರಿ ಇದೆ ಅನ್ನಿಸಿತು. ಆದರೆ ನಮಗೆ ಬೇಕಾದದ್ದು ತಣ್ಣೀರಿನ ಮಟ್ಟ ಅಲ್ಲ, ಕುದಿಯುವ ನೀರು ಎಲ್ಲಿವರೆಗೆ ಹಾರುತ್ತದೆ ಅನ್ನೋದು.

ಇದನ್ನು ನೋಡೋದು ಸುಲಭ. ತಟ್ಟೆ ಇಡದೆ ನೀರನ್ನು ಜೋರಾಗಿ ಕುದಿಸಿ, ಮೇಲಿಂದ ಬಗ್ಗದೆ ಸ್ವಲ್ಪ ದೂರ ನಿಂತು ಪಕ್ಕದಿಂದ ನೋಡಿ. ಗುಳ್ಳೆ ಒಡೆದು ಸಿಡಿಯುವ ಹನಿ ಪಾತ್ರೆಯ ಗೋಡೆಯ ಮೇಲೆ ಎಲ್ಲಿವರೆಗೆ ಬೀಳುತ್ತದೋ ಅದೇ ನಿಜವಾದ ಮಟ್ಟ. ನನ್ನ ಪಾತ್ರೆಯಲ್ಲಿ ಜೋರು ಉರಿಗೆ ಅದು ನಿಂತ ನೀರಿಗಿಂತ ಒಂದೂವರೆ ಬೆರಳು ಮೇಲೆ ಬರುತ್ತಿತ್ತು. ಅಂದರೆ ಬೆಳಿಗ್ಗೆ ಪೂರ್ತಿ ಹೊತ್ತು ತಟ್ಟೆಯ ತೂತಿನ ಮೂಲಕ ಕುದಿನೀರು ಮೋದಕದ ತಳಕ್ಕೆ ಎರಚುತ್ತಿತ್ತು.

ಇನ್ನೊಂದು ಸುಳಿವು ಕೆಲಸ ಮುಗಿದಮೇಲೆ ಸಿಗುತ್ತದೆ. ಉಳಿದ ನೀರಿನ ಬಣ್ಣ ನೋಡಿ. ಎಲ್ಲ ಸರಿ ಇದ್ದರೆ ನೀರು ಹೆಚ್ಚುಕಡಿಮೆ ತಿಳಿಯಾಗೇ ಇರುತ್ತದೆ. ಅಕ್ಕಿ ತೊಳೆದ ನೀರಿನ ಹಾಗೆ ಬೆಳ್ಳಗಾಗಿದ್ದರೆ ನೀರು ಹಿಟ್ಟನ್ನು ತೊಳೆದಿದೆ ಅಂತ ಅರ್ಥ. ಕಂದು ಬಣ್ಣಕ್ಕೆ ತಿರುಗಿದ್ದರೆ ಬೆಲ್ಲ ಸೋರಿದೆ. ನನ್ನದು ಗಂಜಿಯ ಹಾಗಿತ್ತು!

ಪರಿಹಾರ ಏನಪ್ಪಾ ಅಂದರೆ ತಟ್ಟೆಗೂ ನೀರಿಗೂ ನಡುವೆ ಕನಿಷ್ಠ ಎರಡು ಬೆರಳು ಜಾಗ ಬಿಡೋದು. ನನ್ನ ಪಾತ್ರೆಗೆ ಅದು ಮೂರು ಲೋಟ ನೀರು, ಸುಮಾರು 600 ಮಿಲಿ. ನಿಮ್ಮ ಪಾತ್ರೆಗೆ ಬೇರೆ ಇರುತ್ತದೆ, ಒಂದು ಸಲ ಅಳೆದು ಲೋಟದ ಲೆಕ್ಕ ನೆನಪಿಟ್ಟುಕೊಂಡರೆ ಸಾಕು. ಕಡಿಮೆ ಆಗಿಬಿಟ್ಟರೆ ಅನ್ನೋ ಭಯ ಇರುತ್ತದೆ ಅಲ್ವಾ, ಅದಕ್ಕೆ ಹಳೇ ಉಪಾಯ ಇದೆ: ತೊಳೆದ ಒಂದು ನಾಣ್ಯವನ್ನು ನೀರಿಗೆ ಹಾಕಿ. ನೀರು ಕುದಿಯುವಷ್ಟು ಹೊತ್ತು ಅದು ಟಕಟಕ ಅನ್ನುತ್ತಿರುತ್ತದೆ, ಸದ್ದು ನಿಂತರೆ ನೀರು ಮುಗಿಯುತ್ತಾ ಬಂತು. ನನ್ನ ಒಲೆಯಲ್ಲಿ ಮಧ್ಯಮ ಉರಿಗೆ 10 ನಿಮಿಷಕ್ಕೆ ಅರ್ಧ ಲೋಟದಿಂದ ಮುಕ್ಕಾಲು ಲೋಟ ಹೋಗುತ್ತದೆ. ಮೂರು ಲೋಟದಲ್ಲಿ ಎರಡು ಸುತ್ತು ಆರಾಮಾಗಿ ಆಗುತ್ತದೆ. ಮೂರನೇ ಸುತ್ತಿಗೆ ನೀರು ಸೇರಿಸುವಾಗ ಬಿಸಿ ನೀರನ್ನೇ ಹಾಕಿ. ತಣ್ಣೀರು ಹಾಕಿದರೆ ಹಬೆ ನಿಂತುಹೋಗುತ್ತದೆ, ತಟ್ಟೆಯಲ್ಲಿ ಆಗಲೇ ಹಿಟ್ಟು ಇದ್ದರೆ ಅದು ಬೇಯದೆ ಬೆವರುತ್ತಾ ಕೂರುತ್ತದೆ.

ಬೋರ್‌ವೆಲ್ ನೀರಿನ ಮನೆಗಳಲ್ಲಿ ಇನ್ನೊಂದು ರಗಳೆ, ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟುತ್ತದೆ, ಅಲ್ಯೂಮಿನಿಯಂ ಆದರೆ ಕಪ್ಪಾಗುತ್ತದೆ. ಹಿಂಡಿದ ನಿಂಬೆ ಸಿಪ್ಪೆಯನ್ನೋ ಒಂದು ಎಸಳು ಹುಣಸೆಯನ್ನೋ ನೀರಿಗೆ ಹಾಕಿದರೆ ಕಪ್ಪಾಗೋದು ಕಡಿಮೆ. ಮೋದಕಕ್ಕೂ ಇದಕ್ಕೂ ಸಂಬಂಧ ಇಲ್ಲ. ಆದರೆ ಹುಣಸೆ ಹಾಕಿದ ದಿನ ನೀರಿನ ಬಣ್ಣ ನೋಡಿ ಬೆಲ್ಲ ಸೋರಿದೆ ಅಂತ ಗಾಬರಿ ಆಗಬೇಡಿ.

ಮೇಲಿನ ತಟ್ಟೆ ಹಸಿ ಉಳಿದರೆ ಹಾಸಿದ ಎಲೆ ನೋಡಿ

ನೀರನ್ನು ಮೂರು ಲೋಟಕ್ಕೆ ಇಳಿಸಿ ಮೊದಲ ಪರೀಕ್ಷೆ ಮಾಡಿದೆ. ಕೆಳಗೆ ಮೂರು, ಮೇಲೆ ಮೂರು. ಕೆಳಗಿನವುಗಳ ತಳ ಒಣಗಿ ಚೆನ್ನಾಗಿ ಬಂತು. ಮೇಲಿನವು ಮತ್ತೆ ಹಸಿ. ಅಂದರೆ ಇಲ್ಲಿ ಬೇರೆ ಏನೋ ಇದೆ.

ಈ ಸಲ ಮುಚ್ಚಳ ತೆಗೆಯದೆ ಸುಮ್ನೆ ನಿಂತು ಪಾತ್ರೆಯನ್ನು ನೋಡಿದೆ. ಹಬೆ ಮುಚ್ಚಳದ ಸುತ್ತ ಬರುತ್ತಿರಲಿಲ್ಲ. ನೀರಿನ ಪಾತ್ರೆಗೂ ಮೊದಲ ತಟ್ಟೆಗೂ ನಡುವಿನ ಸಂದಿಯಿಂದ ಬುಸ್ಸಂತ ಹೊರಗೆ ಹೋಗುತ್ತಿತ್ತು. ಪಾತ್ರೆಯ ಸೊಂಟದಿಂದ ಬರುತ್ತಿತ್ತು, ತಲೆಯಿಂದ ಅಲ್ಲ. ಹಬೆ ಮೇಲಕ್ಕೆ ಹೋಗೋಕೆ ದಾರಿ ಇಲ್ಲದಿದ್ದರೆ ಮಾತ್ರ ಹೀಗೆ ಪಕ್ಕಕ್ಕೆ ನುಗ್ಗುತ್ತದೆ. ದಾರಿ ಮುಚ್ಚಿದ್ದು ನಾನೇ. ಹಿಂದಿನ ದಿನ ಗಾಂಧಿ ಬಜಾರಿನಿಂದ ತಂದ ಬಾಳೆ ಎಲೆಯನ್ನು ತಟ್ಟೆಯ ಅಳತೆಗೆ ದುಂಡಗೆ ಕತ್ತರಿಸಿ, ಒಂದು ತೂತೂ ಕಾಣದ ಹಾಗೆ ನೀಟಾಗಿ ಹಾಸಿದ್ದೆ.

ಹಿಂದಿನ ವರ್ಷಗಳಲ್ಲೂ ಎಲೆ ಹಾಸಿಯೇ ಮಾಡುತ್ತಿದ್ದೆ, ಆಗ ಯಾಕೆ ಹೀಗಾಗಲಿಲ್ಲ? ಆಗ ಮಾಡುತ್ತಿದ್ದದ್ದು ಇಡ್ಲಿ ಪಾತ್ರೆಯಲ್ಲಿ. ಇಡ್ಲಿ ಸ್ಟ್ಯಾಂಡಿನ ತಟ್ಟೆಗಳ ಸುತ್ತ ಪಾತ್ರೆಯ ಗೋಡೆಗೆ ಜಾಗ ಇರುತ್ತದೆ, ಹಬೆ ಅಂಚಿನಿಂದ ಮೇಲೆ ಹತ್ತಿ ಎಲ್ಲ ತಟ್ಟೆಗೂ ತಲುಪುತ್ತದೆ. ಈ ಮೋಮೋ ಸ್ಟೀಮರ್ ಥರದ್ದರಲ್ಲಿ ಒಂದರ ಮೇಲೊಂದು ಬಿಗಿಯಾಗಿ ಕೂರುತ್ತದೆ, ಇರುವ ದಾರಿ ತೂತುಗಳು ಮಾತ್ರ. ಪಾತ್ರೆ ಬದಲಾಯಿಸಿದೆ, ಎಲೆ ಹಾಸುವ ಅಭ್ಯಾಸ ಬದಲಾಯಿಸಲಿಲ್ಲ. ಬೆಳಿಗ್ಗೆಯ ಎರಡೂ ತೊಂದರೆಗೆ ಹೀಗೆ ನಂಟಿತ್ತು ನೋಡಿ: ಎಲೆ ಅಡ್ಡ ಬಂದು ಮೇಲಿನವು ಬೇಯಲಿಲ್ಲ, ಬೇಯಲಿಲ್ಲ ಅಂತ ಉರಿ ಜಾಸ್ತಿ ಮಾಡಿದೆ, ಉರಿ ಜಾಸ್ತಿ ಆಗಿ ಮೊದಲೇ ಎತ್ತರಕ್ಕಿದ್ದ ನೀರು ಇನ್ನೂ ಮೇಲಕ್ಕೆ ಹಾರಿ, ಎಲೆಯ ಅಂಚಿನಿಂದ ನುಗ್ಗಿ, ಎಲೆ ಮೇಲೆ ನಿಂತು ಕೆಳಗಿನವನ್ನು ನೆನೆಸಿತು. ಎಲೆಗೆ ತೂತಿಲ್ಲದ್ದರಿಂದ ನಿಂತ ನೀರು ಇಳಿದು ಹೋಗಲೂ ಇಲ್ಲ.

ಉರಿ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಮುಚ್ಚಳದ ಸುತ್ತ ಹಬೆ ಬಿಡದೆ ಬರುತ್ತಿದೆ ಅಂದಮೇಲೆ ಉರಿ ಎಷ್ಟೇ ಏರಿಸಿದರೂ ಒಳಗಿನ ಬಿಸಿ ಏರುವುದಿಲ್ಲ. ನೀರು ಕುದಿಯುವ ಬಿಸಿ ಎಷ್ಟೋ ಹಬೆಯದೂ ಅಷ್ಟೇ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿರುವುದರಿಂದ ಇಲ್ಲಿ ನೀರು 97 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತದೆ. ಮಂಗಳೂರಿನ ಅತ್ತೆ ಹೇಳಿದ ಎಂಟು ನಿಮಿಷ ಇಲ್ಲಿ ಒಂಬತ್ತೋ ಹತ್ತೋ ಆಗಬಹುದು, ಅಷ್ಟೇ. ಮೋದಕ ಹಸಿ ಉಳಿದರೆ ಅದನ್ನು ಬೆಂಗಳೂರಿನ ಎತ್ತರದ ಮೇಲೆ ಹಾಕೋಕಾಗಲ್ಲ. ಜೋರು ಉರಿಯಿಂದ ಆಗೋದು ಎರಡೇ, ನೀರು ಹಾರುತ್ತದೆ ಮತ್ತು ಬೇಗ ಆರುತ್ತದೆ.

ಎರಡನೇ ಪರೀಕ್ಷೆಗೆ ಎಲೆಯನ್ನು ಮೋದಕದ ತಳದಷ್ಟೇ ಅಗಲದ ಚಿಕ್ಕ ಚಿಕ್ಕ ಚೂರು ಮಾಡಿ, ಒಂದೊಂದು ಮೋದಕಕ್ಕೆ ಒಂದೊಂದು ಚೂರು ಇಟ್ಟು, ನಡುವೆ ಒಂದು ಬೆರಳು ಜಾಗ ಬಿಟ್ಟೆ. ತಟ್ಟೆಯ ಅರ್ಧಕ್ಕಿಂತ ಜಾಸ್ತಿ ತೂತು ತೆರೆದೇ ಇತ್ತು. ಎರಡೇ ನಿಮಿಷಕ್ಕೆ ಹಬೆ ಮುಚ್ಚಳದಿಂದ ಬರೋಕೆ ಶುರುವಾಯಿತು. ಹನ್ನೊಂದನೇ ನಿಮಿಷಕ್ಕೆ ತೆಗೆದರೆ ಎರಡೂ ತಟ್ಟೆ ಒಂದೇ ಹದ.

ಹಾಸುವ ವಸ್ತುಗಳಲ್ಲಿ ಒಂದೊಂದಕ್ಕೆ ಒಂದೊಂದು ಗುಣ. ಬಾಳೆ ಎಲೆಯನ್ನು ಒಲೆಯ ಮೇಲೆ ಒಂದು ಸಲ ಆಡಿಸಿ ಬಾಡಿಸಿದರೆ ಸೀಳುವುದಿಲ್ಲ, ಹೊಳೆಯುವ ಮೇಲುಭಾಗಕ್ಕೆ ತುಪ್ಪ ಸವರಿದರೆ ಮೋದಕ ಜಾರಿಕೊಂಡು ಬರುತ್ತದೆ. ಅರಿಶಿನ ಎಲೆ ಸಿಕ್ಕರೆ ಅದರ ಘಮವೇ ಬೇರೆ, ಮಂಗಳೂರು ಸ್ಟೋರ್‌ಗಳಲ್ಲಿ ಮಳೆಗಾಲದಲ್ಲಿ ಕೇಳಿ ನೋಡಿ. ಇಡ್ಲಿ ಬಟ್ಟೆ ಆದರೆ ತಟ್ಟೆ ಪೂರ್ತಿ ಹಾಸಬಹುದು, ಯಾಕೆಂದರೆ ತೆಳುವಾದ ಹತ್ತಿ ಬಟ್ಟೆಯಲ್ಲಿ ಹಬೆ ತೂರುತ್ತದೆ. ಆದರೆ ಅದನ್ನು ನೆನೆಸಿ ಚೆನ್ನಾಗಿ ಹಿಂಡಿರಬೇಕು. ಒಣ ಬಟ್ಟೆ ಹಾಸಿದರೆ ಹಿಟ್ಟಿನ ತಳ ಅದಕ್ಕೇ ಕಚ್ಚಿಕೊಳ್ಳುತ್ತದೆ, ಹಿಂಡದ ಬಟ್ಟೆ ಹಾಸಿದರೆ ತಳ ಮತ್ತೆ ಒದ್ದೆ. ಮೋಮೋಗೆ ಎಲೆಕೋಸಿನ ಎಲೆ ಒಳ್ಳೆಯದು ಅಂತ ಆಫೀಸಿನಲ್ಲಿ ನನ್ನ ಪಕ್ಕ ಕೂರುವ ಸಿಕ್ಕಿಂ ಹುಡುಗ ಹೇಳಿಕೊಟ್ಟ, ಅದರ ದಪ್ಪ ದಂಟು ತೆಗೆದು ಚೂರು ಮಾಡಿ ಹಾಸಬೇಕು. ಅಲ್ಯೂಮಿನಿಯಂ ಫಾಯಿಲ್ ಮಾತ್ರ ಬೇಡ. ಹಬೆಯನ್ನೂ ಬಿಡುವುದಿಲ್ಲ, ನೀರನ್ನೂ ಬಿಡುವುದಿಲ್ಲ.

ಇನ್ನು ಏನೂ ಹಾಸದೆ ಬರೀ ಎಣ್ಣೆ ಸವರಿದರೂ ಆಗುತ್ತದೆ, ಆದರೆ ಮೆತ್ತಗಿನ ಹಿಟ್ಟು ತೂತಿನೊಳಗೆ ಇಳಿದು ಬೆಂದು ಬೀಗ ಹಾಕಿಕೊಂಡುಬಿಡುತ್ತದೆ, ಎತ್ತುವಾಗ ಅಲ್ಲೇ ಹರಿಯುತ್ತದೆ. ಅಂಟಿಕೊಂಡಿದೆ ಅನ್ನಿಸಿದರೆ ಎಳೆಯಬೇಡಿ. ಹಬೆಯಿಂದ ತೆಗೆದ ಗಳಿಗೆಯಲ್ಲಿ ಹಿಟ್ಟು ಅತೀ ಮೃದು, ಮೂರು ನಿಮಿಷ ತಟ್ಟೆಯನ್ನು ಹೊರಗಿಟ್ಟರೆ ಗಟ್ಟಿಯಾಗಿ ತಾನೇ ಬಿಟ್ಟುಕೊಳ್ಳುತ್ತದೆ. ಅಂಟಿದೆ ಅಂತ ನಾವು ಬೈಯುವ ಮೋದಕಗಳಲ್ಲಿ ಅರ್ಧ ಅಂಟಿರುವುದೇ ಇಲ್ಲ, ನಾವು ಅವಸರ ಮಾಡಿರುತ್ತೇವೆ.

ನೆತ್ತಿ ಮಾತ್ರ ಒದ್ದೆ

ಎರಡನೇ ಪರೀಕ್ಷೆಯಲ್ಲಿ ಮೇಲಿನ ತಟ್ಟೆಯ ಒಂದು ಮೋದಕದ ತುದಿ ಕರಗಿ ಹೋಗಿತ್ತು, ಪಕ್ಕದ್ದು ಸರಿ ಇತ್ತು. ಅಲ್ಲೊಂದು ಇಲ್ಲೊಂದು ಹೀಗಾದರೆ ಅದು ಮುಚ್ಚಳದಿಂದ ಬೀಳುವ ಹನಿ. ಚಪ್ಪಟೆ ಮುಚ್ಚಳದಲ್ಲಿ ಹಬೆ ನೀರಾಗಿ ಎಲ್ಲೆಂದರಲ್ಲಿ ತೊಟ್ಟಿಕ್ಕುತ್ತದೆ. ಗುಮ್ಮಟದ ಹಾಗಿರುವ ಮುಚ್ಚಳದಲ್ಲಿ ಹನಿ ಗೋಡೆಯ ಕಡೆಗೆ ಜಾರುತ್ತದೆ. ಮುಚ್ಚಳದ ಒಳಮೈಗೆ ಒಂದು ತೆಳು ಟವೆಲ್ ಹೊದಿಸಿ, ತುದಿಗಳನ್ನು ಮೇಲೆ ಹಿಡಿಗೆ ಗಂಟು ಹಾಕಿದರೆ ಹನಿ ಬಟ್ಟೆಗೆ ಹೋಗುತ್ತದೆ. ತುದಿ ಕೆಳಗೆ ಜೋತಾಡದ ಹಾಗೆ ನೋಡಿಕೊಳ್ಳಿ, ಗ್ಯಾಸಿನ ಉರಿ ಪಕ್ಕದಲ್ಲೇ ಇರುತ್ತದೆ. ಮುಚ್ಚಳ ತೆಗೆಯುವಾಗಲೂ ಅದನ್ನು ಓರೆ ಮಾಡದೆ ನೇರ ಎತ್ತಿ ಪಕ್ಕಕ್ಕೆ ಒಯ್ಯಬೇಕು. ನಾನು ಓರೆ ಮಾಡಿ ಒಂದು ಚಮಚ ನೀರನ್ನು ಗಣೇಶನ ಪಾಲಿಗೆ ಎತ್ತಿಟ್ಟಿದ್ದ ಮೋದಕಗಳ ಮೇಲೇ ಸುರಿದಿದ್ದೇನೆ.

ಎಲ್ಲದರ ನೆತ್ತಿಯೂ ಸಮನಾಗಿ ಲೊಳಲೊಳ ಆಗಿದ್ದರೆ ಮಾತ್ರ ಕಾರಣ ಬೇರೆ: ನೀರು ಕುದಿಯೋಕೆ ಮೊದಲೇ ತಟ್ಟೆ ಇಟ್ಟಿರುತ್ತೀರಿ. ಬಿಸಿಯಾಗುತ್ತಿರುವ ನೀರಿನ ಮೇಲೆ ತಣ್ಣಗಿನ ಹಿಟ್ಟು ಕೂತರೆ ಹಬೆ ಅದರ ಮೈಮೇಲೆ ನೀರಾಗುತ್ತದೆ, ಹಿಟ್ಟು ಬೇಯುವ ಮೊದಲು ನೆನೆಯುತ್ತದೆ. ಖಾಲಿ ಸ್ಟೀಮರಿನಿಂದ ಹಬೆ ಭರ್ತಿ ಬಂದಮೇಲೆ ತಟ್ಟೆ ಇಡಿ. ಹೊತ್ತಿನ ಲೆಕ್ಕವನ್ನೂ ಇಟ್ಟ ಕ್ಷಣದಿಂದ ಅಲ್ಲ, ಮುಚ್ಚಳದಿಂದ ಹಬೆ ಮತ್ತೆ ಕಾಣಿಸಿದ ಕ್ಷಣದಿಂದ ಶುರು ಮಾಡಿ. ಇಡ್ಲಿ ಕುಕ್ಕರ್ ಆದರೆ ವೆಯ್ಟ್ ಹಾಕಬೇಡಿ.

ಬೆಂದಿದೆಯಾ ಇಲ್ವಾ

ಇಲ್ಲಿ ಮೋದಕಕ್ಕೂ ಮೋಮೋಗೂ ಒಂದೇ ಗುರುತು ಹುಡುಕಿದರೆ ಮೋಸ ಹೋಗುತ್ತೀರಿ. ಮೋದಕ, ಕೊಳುಕಟ್ಟೈ, ನಮ್ಮ ಕಡುಬು ಇವೆಲ್ಲದರ ಕಣಕ ಅಕ್ಕಿ ಹಿಟ್ಟನ್ನು ಕುದಿಯುವ ನೀರಿಗೆ ಹಾಕಿ ಉಕ್ಕರಿಸಿದ್ದು. ಅಂದರೆ ಬಾಣಲೆಯಲ್ಲೇ ಮುಕ್ಕಾಲು ಬೆಂದಿರುತ್ತದೆ, ಹಬೆಯಲ್ಲಿ ಆಗೋದು ಉಳಿದ ಕಾಲು ಭಾಗ. ಮೋಮೋ ಹಿಟ್ಟು ಮೈದಾವನ್ನು ತಣ್ಣೀರಲ್ಲಿ ನಾದಿದ್ದು, ಪೂರ್ತಿ ಹಸಿ. ಅದಕ್ಕೆ ಹಬೆಯೇ ಮೊದಲು, ಹಬೆಯೇ ಕೊನೆ.

ಮೋದಕದಲ್ಲಿ ನೋಡಬೇಕಾದದ್ದು ಹೊಳಪು. ಇಡುವಾಗ ಸುಣ್ಣ ಬಳಿದ ಗೋಡೆಯ ಹಾಗೆ ಮಂಕು ಬಿಳಿ ಇರುತ್ತದೆ. ಬೆಂದಮೇಲೆ ಮೇಣ ಸವರಿದ ಹಾಗೆ ಮಿನುಗುತ್ತದೆ, ತೆಳುವಾಗಿ ತಟ್ಟಿದ್ದರೆ ಒಳಗಿನ ಬೆಲ್ಲದ ಬಣ್ಣ ಸ್ವಲ್ಪ ಕಾಣುತ್ತದೆ. ಮುಚ್ಚಳ ತೆಗೆದ ತಕ್ಷಣ ಎಲ್ಲವೂ ಒದ್ದೆಯಿಂದ ಹೊಳೆಯುತ್ತವೆ, ಅದನ್ನು ನಂಬಬೇಡಿ. ಅರ್ಧ ನಿಮಿಷ ಬಿಟ್ಟು, ಮೇಲಿನ ತೇವ ಆರಿದಮೇಲೆ ನೋಡಿ. ಆಮೇಲೆ ಬೆರಳನ್ನು ತಣ್ಣೀರಲ್ಲಿ ಅದ್ದಿ ಮೆಲ್ಲಗೆ ಮುಟ್ಟಿ. ಬೆರಳಿಗೆ ಹಿಟ್ಟು ಹತ್ತಿಕೊಂಡು ಬಂದರೆ ಇನ್ನೂ ಎರಡು ನಿಮಿಷ ಬೇಕು. ಅಂಟಂಟು ಅನ್ನಿಸಿದರೂ ಬೆರಳಿಗೆ ಏನೂ ಬರದಿದ್ದರೆ ಆಗಿದೆ. ಬಿಸಿ ಅಕ್ಕಿ ಹಿಟ್ಟು ಬೆಂದಮೇಲೂ ಸ್ವಲ್ಪ ಅಂಟಿನ ಸ್ವಭಾವದ್ದೇ. ಇದು ಗೊತ್ತಿಲ್ಲದೆ "ಇನ್ನೂ ಅಂಟುತ್ತಿದೆ" ಅಂತ ಇಪ್ಪತ್ತು ನಿಮಿಷ ಬೇಯಿಸಿ ನೆರಿಗೆ ಎಲ್ಲ ಕುಸಿದು ಲಾಡು ಆದದ್ದೂ ಇದೆ. ಸಾಮಾನ್ಯ ಗಾತ್ರದ್ದಕ್ಕೆ 9ರಿಂದ 11 ನಿಮಿಷ ಸಾಕು.

ಹೂರಣ ಇಲ್ಲದ ಪಿಡಿ ಕೊಳುಕಟ್ಟೈ, ಅದೇ ಅಕ್ಕಿ ರವೆ ಉಪ್ಪಿಟ್ಟನ್ನು ಮುಷ್ಟಿಯಲ್ಲಿ ಒತ್ತಿ ಮಾಡೋದು, ಅದರ ಹೊರಮೈ ನೋಡಿ ಏನೂ ಹೇಳೋಕಾಗಲ್ಲ. ಹೊರಗೆ ಬೇಗ ಬೆಂದು ಒಳಗೆ ಹಸಿ ಉಳಿಯುವುದು ಇದರಲ್ಲೇ ಜಾಸ್ತಿ. ಮಾಮಿಯ ಪರೀಕ್ಷೆ ಸೀದಾ: ಒಂದನ್ನು ಮುರಿಯೋದು. ಮಧ್ಯದಲ್ಲಿ ಒಣ ಒಣ ಬಿಳಿ ಚುಕ್ಕೆ ಇದ್ದು ಹಲ್ಲಿಗೆ ಮರಳಿನ ಹಾಗೆ ಸಿಕ್ಕಿದರೆ ಹಸಿ. "ಒಂದು ಹೋದ್ರೆ ಹೋಗ್ಲಿ ಬಿಡಪ್ಪಾ, ಉಳಿದದ್ದು ಉಳಿಯುತ್ತೆ" ಅನ್ನುತ್ತಾರೆ. ಮುಷ್ಟಿ ಗಾತ್ರದ್ದಕ್ಕೆ 12ರಿಂದ 15 ನಿಮಿಷ ಬೇಕಾಗುತ್ತದೆ. ಮಧ್ಯದಲ್ಲಿ ಹೆಬ್ಬೆರಳಿನಿಂದ ಒಂದು ಗುಳಿ ಒತ್ತಿದರೆ ದಪ್ಪ ಕಡಿಮೆಯಾಗಿ ಬೇಗ ಬೇಯುತ್ತದೆ.

ಮೋಮೋದಲ್ಲಿ ಹೊಟ್ಟೆಯ ಭಾಗ ಬೇಗ ಬೆಂದು ಪಾರದರ್ಶಕ ಆಗಿಬಿಡುತ್ತದೆ, ಅದನ್ನು ನೋಡಿ ಇಳಿಸಬೇಡಿ. ನೆರಿಗೆಗಳೆಲ್ಲ ಸೇರುವ ನೆತ್ತಿಯೇ ದಪ್ಪ, ಕೊನೆಗೆ ಬೇಯೋದು ಅದೇ. ನೆರಿಗೆಯ ಸಂದಿಯಲ್ಲಿ ಹಿಟ್ಟಿನ ಬಿಳಿ ಕಂಡರೆ ಇನ್ನೂ ಆಗಿಲ್ಲ. ಅನುಮಾನ ಇದ್ದರೆ ಒಂದನ್ನು ನೆತ್ತಿಯಿಂದ ಉದ್ದಕ್ಕೆ ಕತ್ತರಿಸಿ, ಸಿಪ್ಪೆಯ ದಪ್ಪದ ನಡುವೆ ಬಿಳಿ ಗೆರೆ ಇದೆಯಾ ನೋಡಿ. ತರಕಾರಿಯದ್ದಕ್ಕೆ ಸುಮಾರು 10 ನಿಮಿಷ, ಹಸಿ ಚಿಕನ್ ಖೀಮಾ ತುಂಬಿದ್ದಕ್ಕೆ 12ರಿಂದ 15. ಚಿಕನ್ ಆದರೆ ಸಿಪ್ಪೆಯ ಹೊಳಪು ನೋಡಿ ತೃಪ್ತಿಪಡುವ ಹಾಗಿಲ್ಲ, ಕತ್ತರಿಸಿದಾಗ ಒಳಗೆ ಗುಲಾಬಿ ಬಣ್ಣ ಇರಬಾರದು, ಬರುವ ರಸ ತಿಳಿಯಾಗಿರಬೇಕು. ಅಡುಗೆ ಥರ್ಮಾಮೀಟರ್ ಇದ್ದವರು ಮಧ್ಯದಲ್ಲಿ 74 ಡಿಗ್ರಿ ಬಂದಿದೆಯಾ ನೋಡಿದರೆ ಗೊಂದಲವೇ ಇಲ್ಲ. ಹಬೆಯಿಂದ ತೆಗೆದ ಮೇಲೆ ಮೋಮೋ ಸಿಪ್ಪೆ ಸ್ವಲ್ಪ ಸುಕ್ಕುಗಟ್ಟುವುದು ಸಹಜ, ಅದು ಹಸಿ ಅನ್ನೋದರ ಗುರುತಲ್ಲ.

ಬಿರುಕು ಬಿಟ್ಟರೆ ಸ್ಟೀಮರನ್ನು ಬೈಯಬೇಡಿ

ಮೋದಕದ ಪಕ್ಕ ಸೀಳಿದರೆ ನೀರು, ಎಲೆ, ಮುಚ್ಚಳ ಯಾವುದರದ್ದೂ ತಪ್ಪಲ್ಲ. ಕಣಕ ಒಣಗಿದೆ, ಅಥವಾ ಉಕ್ಕರಿಸುವಾಗಲೇ ನೀರು ಸಾಲದೆ ಬಂದಿದೆ. ಹಬೆಗೆ ಇಡುವ ಮೊದಲೇ ಇದು ಗೊತ್ತಾಗುತ್ತದೆ: ನಿಂಬೆ ಗಾತ್ರದ ಉಂಡೆಯನ್ನು ಅಂಗೈಯಲ್ಲಿ ಒತ್ತಿ ಚಪ್ಪಟೆ ಮಾಡಿ, ಅಂಚು ಬಿರಿದರೆ ಹಬೆಯಲ್ಲಿ ಇನ್ನೂ ಬಿರಿಯುತ್ತದೆ. ಒಂದು ಚಮಚ ಬಿಸಿ ನೀರು ಚಿಮುಕಿಸಿ ಮತ್ತೆ ನಾದಿ. ನುಣ್ಣಗಿನ ಅಕ್ಕಿ ಹಿಟ್ಟು ಒಂದು ಲೋಟಕ್ಕೆ ನೀರು ಒಂದರಿಂದ ಒಂದೂಕಾಲು ಲೋಟ ಹಿಡಿಯುತ್ತದೆ, ಹಿಟ್ಟು ಹಳೆಯದಾದಷ್ಟೂ ನೀರು ಜಾಸ್ತಿ ಕುಡಿಯುತ್ತದೆ. ಮೋದಕ ಕಟ್ಟುತ್ತಾ ಕೂತಾಗ ಉಳಿದ ಕಣಕದ ಮೇಲೆ, ಕಟ್ಟಿಟ್ಟ ಮೋದಕಗಳ ಮೇಲೂ ಒದ್ದೆ ಬಟ್ಟೆ ಇರಲಿ, ಫ್ಯಾನ್ ಆಫ್ ಮಾಡಿ. ನಮ್ಮ ಮನೆಯಲ್ಲಿ ಫ್ಯಾನ್ ಕೆಳಗೆ ಕೂತು ಕಟ್ಟಿದ ಮೊದಲ ಆರು ಬಿರಿದವು, ಕೊನೆಗೆ ಕಟ್ಟಿ ನೇರ ಹಬೆಗೆ ಹೋದವು ಬಿರಿಯಲಿಲ್ಲ.

ಬಿರುಕೇ ಇಲ್ಲ, ಆದರೂ ತಳದಲ್ಲಿ ಕಂದು ಕಲೆ, ಎಲೆ ಮೇಲೆ ಪಾಕ. ಅದು ಹೂರಣದ ಕೆಲಸ. ಕಾಯಿ ಬೆಲ್ಲ ಸರಿಯಾಗಿ ಬಾಡದೆ ನೀರು ಉಳಿದಿದ್ದರೆ ಹಬೆಯ ಬಿಸಿಗೆ ಮತ್ತೆ ಪಾಕವಾಗಿ ತೆಳುವಾದ ಕಡೆ ದಾರಿ ಹುಡುಕುತ್ತದೆ. ಹೂರಣ ಬಾಣಲೆ ಬಿಟ್ಟು ಒಂದೇ ಮುದ್ದೆಯಾಗಿ ಬರಬೇಕು, ಪೂರ್ತಿ ಆರಿದಮೇಲೆ ತುಂಬಬೇಕು.

ಮೂರನೇ ಪರೀಕ್ಷೆಯ ಆರು ಮೋದಕಗಳನ್ನು, ಮೂರು ಲೋಟ ನೀರು, ಚೂರು ಎಲೆ, ಮುಚ್ಚಳಕ್ಕೆ ಟವೆಲ್, ಮಧ್ಯಮ ಉರಿ, ಹನ್ನೊಂದು ನಿಮಿಷ ಅಂತ ಇಟ್ಟು ತೆಗೆದೆ. ನೆರಿಗೆ ನಿಂತಿತ್ತು, ತಳ ಒಣಗಿತ್ತು, ಕೆಳಗಿನ ನೀರಲ್ಲಿ ನಾಣ್ಯದ ಅಂಕಿ ಓದುವಷ್ಟು ತಿಳಿ. ನಾಲ್ಕನ್ನು ಮಾಮಿಯ ಡಬ್ಬಕ್ಕೆ ಹಾಕಿ ವಾಪಸ್ ಕೊಟ್ಟೆ. ಒಂದನ್ನು ತಿರುಗಿಸಿ ತಳ ನೋಡಿದರು, ಆಮೇಲೆ ಬಾಯಿಗೆ ಹಾಕಿಕೊಂಡರು.

"ಏಲಕ್ಕಿ ಕಮ್ಮಿ ಆಯ್ತು" ಅಂದರು.